ವಿಜಯವಾಡದಲ್ಲಿ ಕಟ್ಟಿದ ಪುಟ, ವಿಶಾಖಪಟ್ಟಣದಲ್ಲಿ ಕೇಳುವ ಕಿವಿ

ತೆಲುಗು ಪುಸ್ತಕಗಳ ಊರು ಎಂದರೆ ವಿಜಯವಾಡ. ಪ್ರಕಾಶಕರು, ಮುದ್ರಣಾಲಯಗಳು, ಡಿಟಿಪಿ ಅಂಗಡಿಗಳು ಅಲ್ಲಿ ಒತ್ತೊತ್ತಾಗಿವೆ. ಅಲ್ಲಿಂದ ರೈಲಿನಲ್ಲಿ ಸುಮಾರು 350 ಕಿಲೋಮೀಟರ್ ಹೋದರೆ ವಿಶಾಖಪಟ್ಟಣ. 1974ರಲ್ಲಿ ‘ಈನಾಡು’ ಪತ್ರಿಕೆ ಮೊದಲು ಹೊರಬಂದದ್ದು ಆ ಕಡಲೂರಿನಿಂದ, ಆಂಧ್ರ ವಿಶ್ವವಿದ್ಯಾಲಯ ಇರುವುದೂ ಅಲ್ಲಿಯೇ. ಒಂದು ಊರಿನಲ್ಲಿ ಪುಟ ಕಟ್ಟುತ್ತಾರೆ, ಇನ್ನೊಂದರಲ್ಲಿ ಅದನ್ನು ಓದುತ್ತಾರೆ. ಓದುವವರು ಕಣ್ಣು ಕಾಣದ ವಿದ್ಯಾರ್ಥಿಯಾಗಿದ್ದು, ಪಿಡಿಎಫ್ ಫೈಲನ್ನು ಕಂಪ್ಯೂಟರಿನ ಸ್ಕ್ರೀನ್ ರೀಡರ್ ಮೂಲಕ ಕೇಳುವವರಾದರೆ ಆ ಫೈಲಿನಲ್ಲಿ ಅವರಿಗೆ ಏನು ಸಿಗುತ್ತದೆ? ಉತ್ತರ ವಿಜಯವಾಡದಲ್ಲಿ ಪುಟ ಕಟ್ಟಿದವರು ಕೊನೆಯ ಹತ್ತು ನಿಮಿಷದಲ್ಲಿ ಯಾವ ಗುಂಡಿ ಒತ್ತಿದರು ಎಂಬುದರ ಮೇಲೆ ನಿಂತಿದೆ.

ಈ ಪ್ರಶ್ನೆಗೆ ಆಂಧ್ರ ಒಳ್ಳೆಯ ಜಾಗವಾಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. 2020ರ ನಂತರ ಅಲ್ಲಿನ ಸರ್ಕಾರ ಶಾಲಾ ಪಠ್ಯಪುಸ್ತಕಗಳನ್ನು ದ್ವಿಭಾಷೆಯಲ್ಲಿ ಹೊರತಂದಿತು. ಒಂದು ಪುಟದಲ್ಲಿ ಇಂಗ್ಲಿಷ್, ಎದುರು ಪುಟದಲ್ಲಿ ಅದೇ ಪಾಠ ತೆಲುಗಿನಲ್ಲಿ. ‘ಕನ್ನಡಿ ಪುಸ್ತಕ’ ಎಂಬಂಥ ಕಲ್ಪನೆ. ಮನೆಯಲ್ಲಿ ತೆಲುಗು ಮಾತಾಡುವ ಮಗು ಇಂಗ್ಲಿಷ್ ವಾಕ್ಯ ಅರ್ಥವಾಗದಿದ್ದರೆ ಕಣ್ಣನ್ನು ಪಕ್ಕಕ್ಕೆ ಹೊರಳಿಸಿದರೆ ಸಾಕು. ಆದರೆ ಇಡೀ ಕಲ್ಪನೆ ನಿಂತಿರುವುದೇ ಕಣ್ಣು ಪಕ್ಕಕ್ಕೆ ಹೊರಳುವುದರ ಮೇಲೆ. ಕಿವಿಗೆ ‘ಪಕ್ಕ’ ಎಂಬುದಿಲ್ಲ, ‘ಮುಂದೆ’ ಎಂಬುದಷ್ಟೇ ಇದೆ. ಆ ಸರ್ಕಾರಿ ಫೈಲುಗಳು ಸರಿ ಇವೆಯೋ ಇಲ್ಲವೋ ಎಂಬುದು ಇಲ್ಲಿನ ಚರ್ಚೆಯಲ್ಲ. ಅಂಥ ಎದುರುಬದುರು ಪುಟವೊಂದನ್ನು ಉದಾಹರಣೆಗೆ ಇಟ್ಟುಕೊಂಡು, ಅದು ಕಿವಿಗೆ ಸರಿಯಾಗಿ ತಲುಪಬೇಕಾದರೆ ಫೈಲಿನೊಳಗೆ ಏನಾಗಬೇಕು ಎಂದು ನೋಡೋಣ. ಪಾಠ ಕೃಷ್ಣಾ ನದಿಯ ಬಗ್ಗೆ ಎಂದಿಟ್ಟುಕೊಳ್ಳಿ. ಎರಡು ಭಾಷೆಯ ಪಠ್ಯ, ಒಂದು ನಕ್ಷೆ, ಬಳ್ಳಿಯ ಅಂಚು, ಕೈಬರಹದಂಥ ಶೀರ್ಷಿಕೆ.

ಮೊದಲ ತೊಡಕು ಅಕ್ಷರದ್ದೇ. ಮುದ್ರಣಕ್ಕೆ ಕಳಿಸುವಾಗ ಪ್ರೆಸ್ಸಿನವರು ಹೇಳುವ ಮಾತು ದೇಶದ ಎಲ್ಲ ಡಿಟಿಪಿಯವರಿಗೂ ಗೊತ್ತು: “ಕರ್ವ್ಸ್ ಮಾಡಿ ಕಳಿಸಿ.” ಕೋರೆಲ್‌ಡ್ರಾದಲ್ಲಿ Convert to Curves, ಇನ್‌ಡಿಸೈನ್‌ನಲ್ಲಿ Create Outlines. ಒತ್ತಿದ ಕೂಡಲೆ ಪುಟದ ಮೇಲಿನ ಅಕ್ಷರಗಳೆಲ್ಲ ಚಿತ್ರಗಳಾಗುತ್ತವೆ. ಅದಕ್ಕೆ ಮುಂಚೆ ಫೈಲಿನೊಳಗೆ ‘ಈ ಜಾಗದಲ್ಲಿ ಈ ಫಾಂಟಿನ ಈ ಅಕ್ಷರ ಬರೆ’ ಎಂಬ ಸೂಚನೆ ಇರುತ್ತದೆ. ಒತ್ತಿದ ಮೇಲೆ ಉಳಿಯುವುದು ‘ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಲ್ಲಿ ಬಾಗಿಸು, ಒಳಗೆ ಕಪ್ಪು ತುಂಬು’ ಎಂಬುದಷ್ಟೇ. ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸ್ಕ್ರೀನ್ ರೀಡರ್ ಮಾತ್ರ ಪುಟ ಖಾಲಿ ಎನ್ನುತ್ತದೆ. ಅದರ ಲೆಕ್ಕದಲ್ಲಿ ಅದು ನಿಜವೇ.

ಪ್ರೆಸ್ಸಿನವರು ಹೀಗೆ ಕೇಳುವುದಕ್ಕೆ ಕಾರಣವಿತ್ತು. ಡಿಸೈನರ್ ಬಳಸಿದ ಫಾಂಟ್ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಇಂಗ್ಲಿಷಿನಲ್ಲಾದರೆ ಅಕ್ಷರದ ಚೆಹರೆ ಬದಲಾಗುತ್ತದೆ, ತೆಲುಗು ಕನ್ನಡದಲ್ಲಿ ಒತ್ತಕ್ಷರಗಳೇ ಚೆಲ್ಲಾಪಿಲ್ಲಿಯಾಗುತ್ತವೆ. ಹತ್ತು ಸಾವಿರ ಪ್ರತಿ ಅಚ್ಚಾದ ಮೇಲೆ ಗೊತ್ತಾದರೆ ನಷ್ಟ ಯಾರದು ಎಂಬ ಜಗಳ. ಅದನ್ನು ತಪ್ಪಿಸಲು ಕರ್ವ್ಸ್ ಒಂದು ಬೀಗ. ಆದರೆ ಈ ಬೀಗ ಬೇಕಾಗಿದ್ದುದು ಮೂಲ ಫೈಲನ್ನೇ ಪ್ರೆಸ್ಸಿಗೆ ಒಯ್ಯುತ್ತಿದ್ದ ಕಾಲಕ್ಕೆ. ಪಿಡಿಎಫ್ ಬಂದದ್ದೇ ಫಾಂಟನ್ನು ಫೈಲಿನೊಳಗೆ ಹುದುಗಿಸಿ ಕಳಿಸಲು. ಮುದ್ರಣಕ್ಕೆಂದೇ ಇರುವ PDF/X ಮಾದರಿಗಳು, ಹಳೆಯ X-1a ಕೂಡ, ಫಾಂಟುಗಳೆಲ್ಲ ಹುದುಗಿರಲೇಬೇಕು ಎಂದು ಕೇಳುತ್ತವೆ. ಹುದುಗಿದ ಫಾಂಟಿರುವ ಪಿಡಿಎಫ್‌ಗೆ ಮತ್ತೆ ಕರ್ವ್ಸ್ ಮಾಡುವುದು, ಬಾಗಿಲಿಗೆ ಬೀಗ ಹಾಕಿ ಗೋಡೆಯನ್ನೂ ಕಟ್ಟಿದ ಹಾಗೆ. ಪ್ರೆಸ್ಸು ಹಟ ಹಿಡಿದರೆ ಅದಕ್ಕೆ ಕರ್ವ್ಸ್ ಪ್ರತಿಯನ್ನೇ ಕೊಡಲಿ, ಅಡ್ಡಿಯಿಲ್ಲ. ಓದುಗರಿಗೆ ಹೋಗುವ ಪ್ರತಿ ಬೇರೆ ಇರಲಿ. ಆಗುವ ಅನಾಹುತ ಇಷ್ಟೇ: ಪ್ರೆಸ್ಸಿಗೆ ಹೋದ ಫೈಲೇ ಆಮೇಲೆ ವೆಬ್‌ಸೈಟಿಗೂ ಏರುತ್ತದೆ, ಏಕೆಂದರೆ ಕಚೇರಿಯಲ್ಲಿ ‘ಫೈನಲ್’ ಎಂದು ಹೆಸರಿಟ್ಟ ಫೈಲು ಅದೊಂದೇ.

ಕರ್ವ್ಸ್‌ಗಿಂತ ಕಪಟಿಯಾದದ್ದು ಹಳೆಯ ಫಾಂಟ್. ಕಾಲು ಶತಮಾನದ ಹಿಂದಿನ ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತಿಲ್ಲ. ಅದರಲ್ಲಿ ತೆಲುಗು ತರಲು ಅನು ಫಾಂಟುಗಳು, ಕನ್ನಡ ತರಲು ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳು. ಇವು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ನಮ್ಮ ಲಿಪಿಯ ತುಂಡುಗಳನ್ನು ಕೂರಿಸಿದವು. ಪರದೆಯ ಮೇಲೆ ‘ಕನ್ನಡ’ ಎಂದು ಕಾಣುವ ಪದ ಫೈಲಿನೊಳಗೆ ಹೀಗಿರುತ್ತದೆ:

```
PÀ£ÀßqÀ
```

ಸ್ಕ್ರೀನ್ ರೀಡರ್ ಓದುವುದು ಇದನ್ನು. ಇಂಗ್ಲಿಷ್ ದನಿಯಲ್ಲಿ ಪೀ, ಏ, ಪೌಂಡ್ ಎಂದು ಒಂದು ಪುಟ ಪೂರ್ತಿ. ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಪಿಡಿಎಫ್ ಸುಗಮವಾಗಿದೆಯೇ ಎಂದು ಪರೀಕ್ಷಿಸುವ ತಂತ್ರಾಂಶಗಳು ಈ ತಪ್ಪನ್ನು ಹಿಡಿಯುವುದಿಲ್ಲ. ಪುಟದಲ್ಲಿ ಅಕ್ಷರಗಳಿವೆ, ಪ್ರತಿಯೊಂದಕ್ಕೂ ಯುನಿಕೋಡ್ ಸಂಖ್ಯೆ ಇದೆ, ನಿಯಮದ ಪ್ರಕಾರ ಎಲ್ಲ ಸರಿ. ಅದು ತೆಲುಗೂ ಅಲ್ಲ ಕನ್ನಡವೂ ಅಲ್ಲ ಎಂಬುದು ಯಂತ್ರಕ್ಕೆ ತಿಳಿಯದು. ಹಸಿರು ಟಿಕ್ ಬಂದಿದೆ ಎಂದು ಫೈಲನ್ನು ಒಪ್ಪಿಕೊಳ್ಳುವ ಅಧಿಕಾರಿ ಒಂದು ಸಾಲನ್ನು ನೋಟ್‌ಪ್ಯಾಡಿಗೆ ಅಂಟಿಸಿ ನೋಡಿದ್ದರೆ ಅರ್ಧ ನಿಮಿಷದಲ್ಲಿ ಬಣ್ಣ ಬಯಲಾಗುತ್ತಿತ್ತು.

ಹಾಗಾದರೆ ಡಿಟಿಪಿಯವರು ಇನ್ನೂ ಆ ಫಾಂಟುಗಳನ್ನು ಏಕೆ ಬಿಡುತ್ತಿಲ್ಲ? ಸೋಮಾರಿತನ ಎನ್ನುವುದು ಅನ್ಯಾಯ. ಇನ್‌ಡಿಸೈನ್‌ಗೆ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಶಕ್ತಿ ಬಂದದ್ದು 2012ರ ಸಿಎಸ್6ರಲ್ಲಿ. ಆಗಲೂ World-Ready Composer ಎಂಬ ಆಯ್ಕೆಯನ್ನು ಹುಡುಕಿ ಹಾಕಿಕೊಳ್ಳಬೇಕಿತ್ತು. ಹಾಕದಿದ್ದರೆ ಯುನಿಕೋಡ್ ತೆಲುಗು ಒಡೆದು ಕಾಣುತ್ತದೆ. ಒಮ್ಮೆ ಹಾಗೆ ಕಂಡವರು ‘ಯುನಿಕೋಡ್ ಪ್ರಿಂಟಿಗೆ ಆಗಲ್ಲ’ ಎಂದು ತೀರ್ಮಾನಿಸಿ ಹಳೆಯದಕ್ಕೆ ಮರಳಿದರು. ಫಾಂಟುಗಳ ಬಡತನವೂ ಇತ್ತು. ಈಗ ಆ ನೆಪ ಅಷ್ಟಾಗಿ ನಿಲ್ಲುವುದಿಲ್ಲ. ತೆಲುಗಿನಲ್ಲಿ ಮಂಡಲಿ, ರಾಮಭದ್ರ, ಸೂರನ್ನ ಮೊದಲಾದ ಯುನಿಕೋಡ್ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಗುರಜಾಡ, ಗಿಡುಗು ಎಂಬ ಹೆಸರಿನವೂ ಇವೆ. ಆಡುಮಾತಿನ ತೆಲುಗಿಗಾಗಿ ಹೋರಾಡಿದ ಇಬ್ಬರ ಹೆಸರು ಅಕ್ಷರಕ್ಕೆ ಇಟ್ಟಿರುವುದು ಚೆನ್ನಾಗಿಯೇ ಇದೆ. ಕನ್ನಡದಲ್ಲಿ ನೋಟೋ, ಬಾಲೂ ತಮ್ಮ, ನವಿಲು, ಗುಬ್ಬಿ ಇವೆ, ನುಡಿಯದೇ ಯುನಿಕೋಡ್ ಫಾಂಟುಗಳೂ ಇವೆ.

ಯುನಿಕೋಡಿನಲ್ಲಿ ಟೈಪ್ ಮಾಡಿ, ಕರ್ವ್ಸ್ ಮಾಡದೆ, ಫಾಂಟ್ ಹುದುಗಿಸಿ ಪಿಡಿಎಫ್ ಮಾಡಿದರೆ ಮುಗಿಯಿತೇ? ತೆಲುಗಿಗೆ ಬಹುಮಟ್ಟಿಗೆ ಹೌದು ಎನ್ನಬಹುದು. ಕನ್ನಡಕ್ಕೆ ಇನ್ನೊಂದು ಕೊಂಕಿದೆ. ಪಿಡಿಎಫ್ ಪುಟದಲ್ಲಿ ಅಕ್ಷರದ ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂರುತ್ತವೆ, ಉಚ್ಚರಿಸುವ ಕ್ರಮದಲ್ಲಲ್ಲ. ‘ಸೂರ್ಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ತೆಲುಗರೂ ಕನ್ನಡಿಗರೂ ಟೈಪ್ ಮಾಡುವ ಕ್ರಮ ಒಂದೇ: ಸೂ, ರ, ವಿರಾಮ, ಯ. ತೆಲುಗಿನ ಇಂದಿನ ಬರಹದಲ್ಲಿ ‘ರ’ ಮೊದಲು ಬಂದು ‘ಯ’ ಅದರ ಒತ್ತಾಗುತ್ತದೆ. ಕಾಣುವ ಕ್ರಮವೂ ಅದೇ, ಆದ್ದರಿಂದ ತೊಂದರೆ ಕಡಿಮೆ. ಕನ್ನಡದಲ್ಲಿ ‘ಯ’ ಮೊದಲು ನಿಂತು, ರಕಾರ ಅರ್ಕಾವತ್ತಾಗಿ ಅದರ ಬೆನ್ನಿಗೆ ಬರುತ್ತದೆ. ಪಿಡಿಎಫ್‌ನಿಂದ ಆ ತುಂಡುಗಳನ್ನು ಬರೆದ ಕ್ರಮದಲ್ಲೇ ಎತ್ತಿದರೆ ಸಿಗುವುದು ‘ಸೂಯರ್’ ಎಂಬಂಥ ಏನೋ ಒಂದು. ಕೀರ್ತಿ, ಧರ್ಮ, ಕಾರ್ಯ, ವರ್ಷ ಎಲ್ಲಕ್ಕೂ ಇದೇ ಗತಿ. ಕಿವಿಯಲ್ಲಿ ಕೇಳುವವರು ಕೆಲವನ್ನು ಊಹಿಸಿಕೊಳ್ಳುತ್ತಾರೆ. ಹುಡುಕಾಟ ಮಾತ್ರ ಸೋಲುತ್ತದೆ. ‘ವರ್ಷ’ ಎಂದು ಹುಡುಕಿದರೆ ಇಡೀ ಪುಸ್ತಕದಲ್ಲಿ ಆ ಪದವೇ ಇಲ್ಲ.

ಇದಕ್ಕೆ ಮದ್ದು ಪಿಡಿಎಫ್ ನಿಯಮದೊಳಗೇ ಇದೆ. ಕಾಣುವ ತುಂಡುಗಳ ಸುತ್ತ ಒಂದು ಗುರುತು ಹಾಕಿ, ಇದರ ನಿಜವಾದ ಪಠ್ಯ ಇದು ಎಂದು ಬರೆದಿಡುವ ಸೌಲಭ್ಯ. ‘ಸೂರ್ಯ’ಕ್ಕೆ ಅದು ಹೀಗಿರುತ್ತದೆ:

```
/Span <</ActualText <FEFF0CB80CC20CB00CCD0CAF>>> BDC
  ... 
EMC
```

FEFF ನಂತರ ನಾಲ್ಕು ನಾಲ್ಕು ಅಂಕೆ-ಅಕ್ಷರಗಳ ಗುಂಪುಗಳು: ಸ, ಊಕಾರ, ರ, ವಿರಾಮ, ಯ. ಯಾರೂ ಇದನ್ನು ಕೈಯಿಂದ ಬರೆಯಬೇಕಾಗಿಲ್ಲ. ಪಿಡಿಎಫ್ ಮಾಡುವ ತಂತ್ರಾಂಶವೇ ಹಾಕಬೇಕು, ಕೆಲವು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಈ ವಿಷಯದಲ್ಲಿ ದುಬಾರಿ ತಂತ್ರಾಂಶಗಳಿಗೆ ಕಡಿಮೆಯೇನಲ್ಲ. ಆದ್ದರಿಂದ ಕನ್ನಡ ಪ್ರಕಾಶಕರಿಗೆ ಒಂದು ಪರೀಕ್ಷೆ ಸಾಕು: ಸಿದ್ಧವಾದ ಪಿಡಿಎಫ್‌ನಲ್ಲಿ ಅರ್ಕಾವತ್ತಿರುವ ಒಂದು ಪದವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸುವುದು. ಸರಿಯಾಗಿ ಬಂದರೆ ಉಳಿದದ್ದೂ ಬಹುಶಃ ಸರಿ. ತೆಲುಗಿನವರು ಮಾಡಿದ ಪರೀಕ್ಷೆಯನ್ನು ನಂಬಿ ಕನ್ನಡ ಫೈಲನ್ನು ಬಿಡುವಂತಿಲ್ಲ.

ಇನ್ನು ಓದುವ ಕ್ರಮ. ಪಿಡಿಎಫ್‌ನಲ್ಲಿ ಪುಟದ ಚಿತ್ರಕ್ಕೆ ಒಂದು ಕ್ರಮವಿದ್ದರೆ ಅದರ ಹಿಂದೆ ಟ್ಯಾಗುಗಳ ಮರ ಎಂಬ ಇನ್ನೊಂದು ಕ್ರಮವಿದೆ. ಸ್ಕ್ರೀನ್ ರೀಡರ್ ನಡೆಯುವುದು ಈ ಮರದ ಮೇಲೆ. ಮರವೇ ಇಲ್ಲದ ಫೈಲಾದರೆ ಅಡೋಬ್ ರೀಡರ್ ತಾನೇ ಒಂದನ್ನು ಊಹಿಸಿ ಕಟ್ಟುತ್ತದೆ. ಊಹೆ ಒಂದೇ ಕಾಲಂ ಇರುವ ಕಾದಂಬರಿಗೆ ಸರಿಹೋಗುತ್ತದೆ. ಪಠ್ಯಪುಸ್ತಕದಲ್ಲಿ ಪಾಠದ ನಡುವೆ ಒಂದು ಬಣ್ಣದ ಚೌಕ, ಅದರಲ್ಲಿ ‘ನಿಮಗೆ ಗೊತ್ತೇ?’, ಕೆಳಗೆ ಪದಗಳ ಅರ್ಥ, ಮೂಲೆಯಲ್ಲಿ ಚಿತ್ರದ ಅಡಿಬರಹ. ಊಹೆ ಇಲ್ಲಿ ವಾಕ್ಯದ ಮಧ್ಯಕ್ಕೆ ಚೌಕವನ್ನು ತುರುಕುತ್ತದೆ.

ಎದುರುಬದುರು ಪುಸ್ತಕದಲ್ಲಿ ತೊಡಕು ಇನ್ನೂ ಮೇಲಿನದು. ಕೃಷ್ಣಾ ಪಾಠದ ಇಂಗ್ಲಿಷ್ 12, 14, 16ನೇ ಪುಟಗಳಲ್ಲಿದೆ, ತೆಲುಗು 13, 15, 17ರಲ್ಲಿ ಎಂದಿಟ್ಟುಕೊಳ್ಳಿ. ಪುಟದ ಕ್ರಮದಲ್ಲಿ ಓದಿದರೆ 12ರ ಕೊನೆಯಲ್ಲಿ ಇಂಗ್ಲಿಷ್ ವಾಕ್ಯ ಅರ್ಧಕ್ಕೆ ತುಂಡಾಗುತ್ತದೆ, ನಂತರ ಇಡೀ ಒಂದು ಪುಟ ತೆಲುಗು, ಅದೂ ಅರ್ಧ ವಾಕ್ಯದಲ್ಲಿ ಮುಗಿದು, ಆಮೇಲೆ ಇಂಗ್ಲಿಷಿನ ಉಳಿದರ್ಧ. ಇದನ್ನು ಕೇಳಿ ಅರ್ಥ ಮಾಡಿಕೊಳ್ಳುವ ಮಗು ಪಾಠಕ್ಕಿಂತ ದೊಡ್ಡ ಪರೀಕ್ಷೆಯನ್ನೇ ಪಾಸು ಮಾಡಿದಂತೆ.

ಇನ್‌ಡಿಸೈನ್‌ನಲ್ಲಿ Articles ಎಂಬ ಫಲಕವಿದೆ. ಅದರೊಳಗೆ ಪುಟದ ವಸ್ತುಗಳನ್ನು ಕೇಳಬೇಕಾದ ಕ್ರಮದಲ್ಲಿ ಎಳೆದು ಹಾಕಬೇಕು: ಶೀರ್ಷಿಕೆ, ಪಾಠ, ನಕ್ಷೆ, ಚೌಕ, ಪದಗಳ ಅರ್ಥ. ಮೂರು ಪುಟಕ್ಕೆ ಹರಡಿದ ಇಂಗ್ಲಿಷ್ ಪಠ್ಯದ ಚೌಕಟ್ಟುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದರೆ ಅದು ಒಂದೇ ವಸ್ತುವಾಗಿ ಬರುತ್ತದೆ, ನಡುವಿನ ತೆಲುಗು ಪುಟಗಳನ್ನು ದಾಟಿಕೊಂಡು ಹೋಗುತ್ತದೆ. ಆಮೇಲೆ ಆ ಫಲಕದ ಮೆನುವಿನಲ್ಲಿ Use for Reading Order in Tagged PDF ಎಂಬುದಕ್ಕೆ ಗುರುತು ಹಾಕಬೇಕು. ಹೆಚ್ಚಿನವರು ಇದನ್ನೇ ಮರೆಯುತ್ತಾರೆ. ಪಟ್ಟಿ ಮಾಡಿದ ಶ್ರಮವೆಲ್ಲ ಫಲಕದಲ್ಲೇ ಉಳಿದು ಪಿಡಿಎಫ್‌ಗೆ ಇಳಿಯುವುದಿಲ್ಲ. ಪಿಡಿಎಫ್ ಮಾಡುವಾಗ Create Tagged PDF ಎಂಬ ಗುರುತೂ ಇರಬೇಕು.

ಇಲ್ಲೊಂದು ನಿರ್ಧಾರ ಬಾಕಿ ಉಳಿಯುತ್ತದೆ, ಅದನ್ನು ತಂತ್ರಾಂಶ ಮಾಡುವುದಿಲ್ಲ. ಮಗುವಿಗೆ ಎರಡು ಭಾಷೆ ಬೇಕಾದದ್ದು ಹೋಲಿಸಲು. ಹಾಗಿದ್ದಾಗ ಇಂಗ್ಲಿಷ್ ಪಾಠ ಪೂರ್ತಿ, ನಂತರ ತೆಲುಗು ಪೂರ್ತಿ ಎಂದರೆ ಹೋಲಿಕೆ ಕೈತಪ್ಪುತ್ತದೆ. ಪ್ಯಾರಾಗೆ ಪ್ಯಾರಾ ಎಂದರೆ ಯಾವುದನ್ನೂ ನೆಮ್ಮದಿಯಾಗಿ ಕೇಳಲಾಗದು. ಮೊದಲನೆಯದೇ ಮೇಲು, ಆದರೆ ಒಂದು ಷರತ್ತಿನ ಮೇಲೆ: ಎರಡೂ ಭಾಷೆಯಲ್ಲಿ ಪಾಠದ ಉಪಶೀರ್ಷಿಕೆಗಳು ನಿಜವಾದ ಶೀರ್ಷಿಕೆಯ ಟ್ಯಾಗ್ ಹೊತ್ತಿರಬೇಕು, ಬರೀ ದಪ್ಪ ಅಕ್ಷರವಾಗಿರಬಾರದು. ಆಗ ಕೇಳುವವರು ಒಂದು ಕೀಲಿ ಒತ್ತುತ್ತ ಶೀರ್ಷಿಕೆಯಿಂದ ಶೀರ್ಷಿಕೆಗೆ ನೆಗೆದು ಬೇಕಾದ ಭಾಷೆಯ ಬೇಕಾದ ಭಾಗಕ್ಕೆ ಹೋಗಬಹುದು. ಕಣ್ಣು ಪಕ್ಕಕ್ಕೆ ಹೊರಳುವುದಕ್ಕೆ ಇದಕ್ಕಿಂತ ಹತ್ತಿರವಾದದ್ದು ಕಿವಿಗೆ ಇಲ್ಲ.

ಆದರೂ ಒಂದು ಮಿತಿ. ದೊಡ್ಡ ಫೈಲುಗಳಲ್ಲಿ, ತಾನಾಗಿಯೇ ಇರುವ ಲೆಕ್ಕದಲ್ಲಿ 50 ಪುಟ ದಾಟಿದರೆ, ಅಡೋಬ್ ರೀಡರ್ ಇಡೀ ದಾಖಲೆಯನ್ನು ಒಮ್ಮೆಗೆ ಸ್ಕ್ರೀನ್ ರೀಡರಿಗೆ ಕೊಡದೆ ಪರದೆಯ ಮೇಲಿರುವ ಪುಟವನ್ನಷ್ಟೇ ಕೊಡಬಹುದು. ಪುಟ ದಾಟುವ ಕ್ರಮ ಅಲ್ಲಿಗೆ ಮುರಿದುಬೀಳುತ್ತದೆ. ಪಠ್ಯಪುಸ್ತಕ 50 ಪುಟಕ್ಕೆ ನಿಲ್ಲುವಂಥದ್ದಲ್ಲ. ಆದ್ದರಿಂದ ಪಾಠಕ್ಕೊಂದು ಫೈಲು ಮಾಡುವುದು, ಅದಕ್ಕಿಂತ ಒಳ್ಳೆಯದೆಂದರೆ ಅದೇ ಇನ್‌ಡಿಸೈನ್ ಫೈಲಿನಿಂದ ಭಾಷೆಗೊಂದು ಪಿಡಿಎಫ್ ತೆಗೆಯುವುದು. ಕನ್ನಡಿಯ ರೂಪ ಮುದ್ರಿತ ಪುಸ್ತಕಕ್ಕೆ ಇರಲಿ. ಕೇಳುವ ಪ್ರತಿಯೂ ಕನ್ನಡಿಯೇ ಆಗಿರಬೇಕೆಂಬುದು ಸಮಾನತೆಯ ತಪ್ಪು ಅರ್ಥ.

ಭಾಷೆಯ ಗುರುತನ್ನೂ ಇಲ್ಲೇ ಹೇಳಿಬಿಡಬೇಕು. ತೆಲುಗು ಪಠ್ಯಕ್ಕೆ te-IN, ಇಂಗ್ಲಿಷಿಗೆ en-IN ಎಂಬ ಗುರುತು ಟ್ಯಾಗಿನಲ್ಲಿದ್ದರೆ ಸ್ಕ್ರೀನ್ ರೀಡರ್ ದನಿ ಬದಲಿಸಿಕೊಳ್ಳಲು ಆಧಾರ ಸಿಗುತ್ತದೆ. ಉಚಿತ ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್‌ನಲ್ಲಿ ತೆಲುಗೂ ಇದೆ, ಕನ್ನಡವೂ ಇದೆ. ದನಿ ಒರಟು, ಆದರೆ ಸ್ಪಷ್ಟ.

ಚಿತ್ರ ವಿವರಣೆಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು, ಕಾಣುವುದನ್ನು ಹೇಳುವುದು. ನಮ್ಮ ಪಾಠದ ನಕ್ಷೆಗೆ Object Export Options ತೆರೆದು Alt Text ಜಾಗದಲ್ಲಿ ‘ಕೃಷ್ಣಾ ನದಿಯ ನಕ್ಷೆ’ ಎಂದು ಬರೆದರೆ ಪರೀಕ್ಷಾ ತಂತ್ರಾಂಶ ಒಪ್ಪುತ್ತದೆ, ಮಗುವಿಗೆ ಏನೂ ಸಿಗುವುದಿಲ್ಲ. ಅಡಿಬರಹದಲ್ಲೇ ಅದು ಇತ್ತು. ‘ಹಸಿರು ಹಿನ್ನೆಲೆಯಲ್ಲಿ ನೀಲಿ ಗೆರೆ’ ಎಂದರೆ ಇನ್ನೂ ಕೆಟ್ಟದ್ದು. ನಕ್ಷೆ ಆ ಪಾಠದಲ್ಲಿ ಏಕಿದೆ ಎಂದು ಕೇಳಬೇಕು. ಪಾಠ ನದಿಯ ಹರಿವಿನದ್ದಾದರೆ ವಿವರಣೆ ಹೀಗಿರಬಹುದು: ‘ಕೃಷ್ಣೆ ಮಹಾರಾಷ್ಟ್ರದ ಮಹಾಬಲೇಶ್ವರದ ಬಳಿ ಹುಟ್ಟಿ, ಪೂರ್ವಕ್ಕೆ ಕರ್ನಾಟಕದಲ್ಲಿ ಆಲಮಟ್ಟಿಯ ಮೂಲಕ ಹರಿದು, ಭೀಮಾ ಮತ್ತು ತುಂಗಭದ್ರೆಗಳನ್ನು ಕೂಡಿಕೊಂಡು, ಶ್ರೀಶೈಲ, ನಾಗಾರ್ಜುನಸಾಗರ ದಾಟಿ ವಿಜಯವಾಡಕ್ಕೆ ಬಂದು, ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ.’ ಅದೇ ನಕ್ಷೆ ನೀರಾವರಿಯ ಪಾಠದಲ್ಲಿದ್ದರೆ ಮಹಾಬಲೇಶ್ವರ ಬೇಡ. 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜು, ಅದರ ಎರಡೂ ಬದಿಯಿಂದ ಹೊರಟು ಮುಖಜಭೂಮಿಗೆ ನೀರೊಯ್ಯುವ ಕಾಲುವೆಗಳು, ಅಷ್ಟು ಸಾಕು. ಒಂದೇ ಚಿತ್ರಕ್ಕೆ ಎರಡು ಪಾಠದಲ್ಲಿ ಎರಡು ವಿವರಣೆ. ಹಾಗಾಗಿ ಇದನ್ನು ಡಿಟಿಪಿ ಹುಡುಗನ ತಲೆಗೆ ಕಟ್ಟುವುದು ತಪ್ಪು. ಪಾಠ ಬರೆದ ಮೇಷ್ಟರೇ ಬರೆಯಬೇಕು, ಹಸ್ತಪ್ರತಿಯಲ್ಲೇ, ಚಿತ್ರದ ಜಾಗದ ಕೆಳಗೆ. ಪ್ರಶ್ನೆಪತ್ರಿಕೆಯಾದರೆ ಇನ್ನೊಂದು ಎಚ್ಚರ: ‘ಬಾಣದ ಗುರುತಿನ ಉಪನದಿ ಯಾವುದು’ ಎಂದು ಕೇಳಿ ವಿವರಣೆಯಲ್ಲಿ ತುಂಗಭದ್ರೆಯ ಹೆಸರು ಬರೆದರೆ ಉತ್ತರವನ್ನೇ ಕೊಟ್ಟಂತಾಯಿತು.

ಬಳ್ಳಿಯ ಅಂಚಿಗೆ ವಿವರಣೆ ಬೇಡವೇ ಬೇಡ. ಅದನ್ನು Artifact ಎಂದು ಗುರುತಿಸಿದರೆ ಸ್ಕ್ರೀನ್ ರೀಡರ್ ದಾಟಿಹೋಗುತ್ತದೆ. ಗುರುತಿಸದಿದ್ದರೆ ಪ್ರತಿ ಪುಟದಲ್ಲೂ ‘ಗ್ರಾಫಿಕ್’, ‘ಗ್ರಾಫಿಕ್’ ಎಂದು ಕೇಳುತ್ತಿರಬೇಕು.

ಕೈಬರಹದ ಶೀರ್ಷಿಕೆ ಉಳಿಯಿತು. ತೆಲುಗಿನಲ್ಲಿ ಬಾಪು ಅವರ ಕೈಯ ಅಕ್ಷರಗಳನ್ನು ನೋಡಿ ಬೆಳೆದವರಿಗೆ ಮುಖಪುಟವೆಂದರೆ ಬಿಡಿಸಿದ ಅಕ್ಷರವೇ. ಅದನ್ನು ಫಾಂಟಿಗೆ ಬದಲಿಸಿ ಎಂದು ಯಾರೂ ಕೇಳುತ್ತಿಲ್ಲ. ಅಲ್ಲಿ ಅಕ್ಷರ ಚಿತ್ರವಾಗಿಯೇ ಇರಲಿ, Alt Text ಬದಲು Actual Text ಎಂಬ ಜಾಗದಲ್ಲಿ ಆ ಪದಗಳನ್ನೇ ಬರೆಯಬೇಕು. ಮೊದಲನೆಯದು ಚಿತ್ರದ ಬಗ್ಗೆ ಹೇಳುವುದು, ಎರಡನೆಯದು ಚಿತ್ರದ ಬದಲಿಗೆ ನಿಲ್ಲುವುದು. ‘ಕೃಷ್ಣಮ್ಮ ಎಂದು ಬರೆದ ಚಿತ್ರ’ ಎಂದಲ್ಲ, ‘ಕೃಷ್ಣಮ್ಮ’ ಎಂದು ಕೇಳಿಸಬೇಕು. ಅಂದ ಕೆಡುತ್ತದೆ ಎಂದು ಹೇಳುವ ವಿನ್ಯಾಸಕರ ಆಕ್ಷೇಪಕ್ಕೆ ಇಲ್ಲಿಗೆ ಆಧಾರ ತಪ್ಪುತ್ತದೆ. ಇಷ್ಟೆಲ್ಲದರಲ್ಲಿ ಕಣ್ಣಿಗೆ ಕಾಣುವ ಒಂದು ಚುಕ್ಕೆಯೂ ಕದಲಲಿಲ್ಲ.

ಕಾನೂನು ಏನನ್ನುತ್ತದೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಮು ಮುದ್ರಿತ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯಗಳು ಸುಗಮ ರೂಪದಲ್ಲಿ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸುಗಮತೆಯ ಮಾನದಂಡಗಳನ್ನು ಬರೀ ಸಲಹೆಯಂತೆ ಇಟ್ಟಿದ್ದ 2017ರ 15ನೇ ನಿಯಮ ಕಾಯ್ದೆಗೆ ವಿರುದ್ಧ ಎಂದು ಹೇಳಿ, ಕಡ್ಡಾಯವಾದವನ್ನು ಬೇರ್ಪಡಿಸಿ ನಿಯಮ ಮಾಡಿ ಎಂದಿತು. ಸರಿ. ಆದರೆ ವಿಜಯವಾಡದ ಡಿಟಿಪಿ ಮೇಜಿನವರೆಗೆ ತೀರ್ಪು ನಡೆದುಬರುವುದಿಲ್ಲ. ಅಲ್ಲಿಗೆ ಬರುವುದು ಟೆಂಡರಿನ ಕಾಗದ ಮಾತ್ರ. ‘ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್ ಒಪ್ಪಿಸಬೇಕು’ ಎಂದು ಬರೆದಿದ್ದರೆ ಕರ್ವ್ಸ್ ಮಾಡಿದ ಫೈಲು ಬರುತ್ತದೆ, ಬಿಲ್ಲೂ ಪಾಸಾಗುತ್ತದೆ, ಯಾರದೂ ತಪ್ಪಿಲ್ಲ. ಅದೇ ಕಾಗದದಲ್ಲಿ ‘ಯುನಿಕೋಡ್ ಪಠ್ಯವಿರುವ ಟ್ಯಾಗ್ ಮಾಡಿದ ಪಿಡಿಎಫ್ ಮತ್ತು ಮೂಲ ಇನ್‌ಡಿಸೈನ್ ಫೈಲು, ಫಾಂಟುಗಳ ಸಮೇತ’ ಎಂದು ಸೇರಿಸಿ, ಬಿಲ್ಲಿಗೆ ಸಹಿ ಹಾಕುವ ಮುನ್ನ ಮೂರು ಪುಟಗಳನ್ನು ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಂದ ಕೇಳಿಸಿ ನೋಡಬೇಕು. ಆ ಕೆಲಸಕ್ಕೆ ಅವರಿಗೆ ಸಂಬಳ ಕೊಡಬೇಕು, ಸನ್ಮಾನವಲ್ಲ.

ಹಳೆಯ ಪುಸ್ತಕಗಳ ಮಾತು ಬೇರೆ. ಪೇಜ್‌ಮೇಕರ್ ಫೈಲು ಎಲ್ಲಾದರೂ ಉಳಿದಿದ್ದರೆ ಅದರಿಂದ ಪಠ್ಯ ಎತ್ತಿ ಯುನಿಕೋಡಿಗೆ ಪರಿವರ್ತಿಸಬಹುದು. ಪರಿವರ್ತಕಗಳು ಕನ್ನಡಕ್ಕೂ ಇವೆ, ತೆಲುಗಿಗೂ ಇವೆ. ಆದರೆ ಪಠ್ಯದ ನಡುವೆ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡವೆಂದೇ ತಿಳಿದು ಪರಿವರ್ತಿಸಿ ಅರ್ಥವಿಲ್ಲದ ಅಕ್ಷರಮಾಲೆ ಮಾಡಿಬಿಡುತ್ತವೆ. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತನ್ನು ಒತ್ತಿದ್ದ ಟೈಪಿಸ್ಟರ ಅಭ್ಯಾಸವೂ ಹಾಗೇ ಉಳಿದು ‘ವಷ೯’ ಎಂದು ಬರುತ್ತದೆ. ಆದ್ದರಿಂದ ಇನ್ನೊಮ್ಮೆ ಕರಡು ತಿದ್ದಲೇಬೇಕು. ಪಿಡಿಎಫ್ ಮಾತ್ರ ಉಳಿದಿದ್ದು ಅದೂ ಕರ್ವ್ಸ್ ಆಗಿದ್ದರೆ ಪುಟವನ್ನು ಚಿತ್ರವೆಂದೇ ತಿಳಿದು ಓಸಿಆರ್ ಮಾಡಬೇಕು, ಅದಕ್ಕೆ ತಿದ್ದುಪಡಿ ಇನ್ನೂ ಹೆಚ್ಚು. ಹೀಗಿರುವಾಗ ಮೊದಲು ಆಗಬೇಕಾದ ಕೆಲಸ ವಿಜಯವಾಡದಲ್ಲೂ ಬೆಂಗಳೂರಿನಲ್ಲೂ ಒಂದೇ: ಮುಚ್ಚುತ್ತಿರುವ ಡಿಟಿಪಿ ಅಂಗಡಿಗಳ ಹಾರ್ಡ್‌ಡಿಸ್ಕುಗಳು ಗುಜರಿಗೆ ಹೋಗುವ ಮುನ್ನ ಅವುಗಳೊಳಗಿನ ಫೈಲುಗಳನ್ನು, ಜೊತೆಗೆ ಅವುಗಳಿಗೆ ಬಳಸಿದ ಫಾಂಟಿನ ಹೆಸರು ಮತ್ತು ಆವೃತ್ತಿಯನ್ನು, ಪ್ರಕಾಶಕರು ಬರೆದು ತೆಗೆದಿಟ್ಟುಕೊಳ್ಳುವುದು.